ನಾಲ್ಕು ಡಿಗ್ರಿಯ ಬದಲು ಆರರ ಹತ್ತಿರ: ತೇಲುವ ಮಂಜುಗಡ್ಡೆ, ಹಿಗ್ಗುವ ನೀರು ಮತ್ತು ಕುಗ್ಗುವ ಗಾಜು

ಪ್ರಶ್ನೆ: ನೀರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತಿ ಹೆಚ್ಚು ಸಾಂದ್ರವಾಗಿರುತ್ತದೆ ಅನ್ನುವುದನ್ನು ಕಣ್ಣಾರೆ ನೋಡೋಣ ಎಂದು ನಾನೂ ನನ್ನ ಸಹಪಾಠಿಯೂ 250 ಮಿಲಿಲೀಟರಿನ ಸಾಮಾನ್ಯ ಗಾಜಿನ ಫ್ಲಾಸ್ಕಿಗೆ ನೀರು ತುಂಬಿ, 1 ಮಿಲಿಮೀಟರ್ ಒಳವ್ಯಾಸದ ನಳಿಕೆ ಸಿಕ್ಕಿಸಿ, ಮಂಜುಗಡ್ಡೆ ಹಾಕಿದ ನೀರಿನಲ್ಲಿಟ್ಟು ತಣಿಸಿದೆವು. ನಳಿಕೆಯಲ್ಲಿ ಮಟ್ಟ ಅತಿ ಕೆಳಗಿಳಿದದ್ದು 4ರಲ್ಲಿ ಅಲ್ಲ, 5.5ಕ್ಕೂ 6ಕ್ಕೂ ನಡುವೆ. ಅಲ್ಲಿಂದ 0 ಡಿಗ್ರಿಗೆ ಬರುವಷ್ಟರಲ್ಲಿ 8 ಸೆಂ.ಮೀ. ಏರಿತು. ಪುಸ್ತಕದಲ್ಲಿರುವ ಸಾಂದ್ರತೆಯಿಂದ ಲೆಕ್ಕ ಹಾಕಿದರೆ 4 ಸೆಂ.ಮೀ. ಅಷ್ಟೇ ಏರಬೇಕಿತ್ತು. ಥರ್ಮಾಮೀಟರ್ ಸರಿಯಿದೆ, ಕರಗುವ ಮಂಜುಗಡ್ಡೆಯಲ್ಲಿ 0 ತೋರಿಸಿತು. ಮಂಜುಗಡ್ಡೆ ಏಕೆ ತೇಲುತ್ತದೆ ಎಂಬಲ್ಲಿಂದ ಶುರುವಾದ ನಮ್ಮಿಬ್ಬರ ವಾದವೂ ಬಗೆಹರಿದಿಲ್ಲ. ಅದನ್ನೂ ಬರೆದು ಕಳಿಸಿದ್ದೇನೆ. ನಾವು ಎಡವಿದ್ದು ಎಲ್ಲಿ?

ಉತ್ತರ: ನಿಮ್ಮ ಅಳತೆಯಲ್ಲಿ ತಪ್ಪಿಲ್ಲ. ಸಾಮಾನ್ಯ ಗಾಜಿನ ಫ್ಲಾಸ್ಕಿನಲ್ಲಿ ಮಟ್ಟ ಅತಿ ಕೆಳಗೆ ಬರಬೇಕಾದದ್ದೇ 5.7 ಡಿಗ್ರಿಯ ಆಸುಪಾಸಿನಲ್ಲಿ, ಏರಬೇಕಾದದ್ದೂ 8 ಸೆಂ.ಮೀ. ಚಿಲ್ಲರೆ. ನೀವು ಅಳೆದದ್ದು ನೀರೊಂದರ ವರ್ತನೆಯನ್ನಲ್ಲ, ನೀರು ಮತ್ತು ಗಾಜು ಎರಡರ ವ್ಯತ್ಯಾಸವನ್ನು. ಆ ಲೆಕ್ಕವನ್ನು ಕೆಳಗೆ ಪೂರ್ತಿ ಬಿಡಿಸಿದ್ದೇನೆ. ಆದರೆ ಗಾಜಿನಂಥ ಗಟ್ಟಿ ವಸ್ತುವಿನ ಹಿಗ್ಗುವಿಕೆ ಇಲ್ಲಿ ಇಷ್ಟು ದೊಡ್ಡದಾಗಿ ಕಂಡದ್ದು ಏಕೆ ಎಂದು ತಿಳಿಯಬೇಕಾದರೆ ಮೊದಲು ನಿಮ್ಮ ವಾದವನ್ನು ನೋಡಬೇಕು. ನಿಮ್ಮ ಮಾತುಕತೆ ಶುರುವಾಗುವುದು ಹೀಗೆ:

“ಮಂಜುಗಡ್ಡೆ ಒಳಗೆ ಗಾಳಿಗುಳ್ಳೆ ಇರ್ತವೆ ಕಣೇ, ಅದಕ್ಕೇ ತೇಲೋದು.”

“ಗುಳ್ಳೆ ಇಲ್ಲದೆ ಗಾಜಿನ ಹಾಗೆ ಕಾಣೋ ಗಡ್ಡೆನೂ ತೇಲುತ್ತಲ್ಲೇ?”

ಈ ಆಕ್ಷೇಪ ಸರಿ. ಇದನ್ನು ಲೆಕ್ಕದಿಂದಲೂ ಗಟ್ಟಿ ಮಾಡಿಕೊಳ್ಳಬಹುದು. 0 ಡಿಗ್ರಿಯಲ್ಲಿ ದ್ರವ ನೀರಿನ ಸಾಂದ್ರತೆ ಘನ ಸೆಂಟಿಮೀಟರಿಗೆ 0.9998 ಗ್ರಾಂ, ಅದೇ ಉಷ್ಣತೆಯ ಮಂಜುಗಡ್ಡೆಯದು 0.917 ಗ್ರಾಂ. ಅಂದರೆ 100 ಮಿಲಿಲೀಟರ್ ನೀರು ಹೆಪ್ಪುಗಟ್ಟಿದರೆ ಸುಮಾರು 109 ಮಿಲಿಲೀಟರ್ ಆಗುತ್ತದೆ. ಈ ಹೆಚ್ಚುವರಿ 9 ಮಿಲಿಲೀಟರನ್ನು ಗಾಳಿಯೇ ತುಂಬಬೇಕಾದರೆ ಅಷ್ಟು ಗಾಳಿ ನೀರಿನಲ್ಲಿ ಮೊದಲೇ ಕರಗಿರಬೇಕು. 0 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಹೆಚ್ಚೆಂದರೆ ಸುಮಾರು 29 ಮಿಲಿಲೀಟರ್ ಗಾಳಿಯನ್ನು ಕರಗಿಸಿಕೊಳ್ಳುತ್ತದೆ, 100 ಮಿಲಿಲೀಟರಿಗೆ ಮೂರೂ ಇಲ್ಲ. ಕರಗಿದ್ದ ಗಾಳಿಯೆಲ್ಲ ಗುಳ್ಳೆಯಾಗಿ ಹೊರಬಿದ್ದರೂ ಮೂರನೇ ಒಂದು ಭಾಗದಷ್ಟೇ ಲೆಕ್ಕ ಹೊಂದುತ್ತದೆ. ಕುದಿಸಿ ಗಾಳಿ ಹೊರಹಾಕಿದ ನೀರನ್ನು ಹೆಪ್ಪುಗಟ್ಟಿಸಿದರೂ ಅದು ತೇಲಿಯೇ ತೇಲುತ್ತದೆ. ಬಿಳಿ ಗಡ್ಡೆ ತಿಳಿ ಗಡ್ಡೆಗಿಂತ ಒಂದಿಷ್ಟು ಹಗುರ ಇರಬಹುದು, ಅಷ್ಟೇ.

ಮುಂದಿನ ಮಾತು ಹೀಗಿದೆ:

“ಹಾಗಾದ್ರೆ ಹೈಡ್ರೋಜನ್ ಬಂಧ. ಅದರಿಂದಾನೇ ಅಣುಗಳು ದೂರ ದೂರ ಇರ್ತವೆ. ಕರಗಿದಾಗ ಬಂಧ ಎಲ್ಲ ಮುರಿದು ಹತ್ತಿರ ಬರ್ತವೆ.”

“ಬಂಧ ಅಂದ್ರೆ ಹತ್ತಿರ ಎಳೆಯೋದಲ್ವಾ? ಎಳೆದ್ರೆ ದೂರ ಹೇಗೆ ಆಗ್ತವೆ?”

ಈ ಎರಡನೆಯ ಪ್ರಶ್ನೆಗೆ ನಿಮ್ಮ ಗೆಳತಿ ಉತ್ತರ ಕೊಡದೆ ಮುಂದೆ ಹೋಗಿದ್ದಾರೆ. ವಿಷಯದ ತಿರುಳು ಇರುವುದು ಅಲ್ಲೇ. ಹೈಡ್ರೋಜನ್ ಬಂಧ ಅಣುಗಳನ್ನು ದೂರ ತಳ್ಳುವುದಿಲ್ಲ, ಹತ್ತಿರಕ್ಕೇ ಎಳೆಯುತ್ತದೆ. ಆದರೆ ಎಲ್ಲ ದಿಕ್ಕಿನಿಂದಲೂ ಎಳೆಯುವುದಿಲ್ಲ. ನೀರಿನ ಅಣುವಿಗೆ ಎರಡು ಹೈಡ್ರೋಜನ್‌ಗಳಿವೆ. ಅವು ಎರಡು ಬಂಧ ಕೊಡುತ್ತವೆ. ಆಕ್ಸಿಜನ್ ಮೇಲೆ ಎರಡು ಒಂಟಿ ಇಲೆಕ್ಟ್ರಾನ್ ಜೋಡಿಗಳಿವೆ. ಅವು ಎರಡು ಬಂಧ ಪಡೆಯುತ್ತವೆ. ಒಟ್ಟು ನಾಲ್ಕು. ಮಂಜುಗಡ್ಡೆಯಲ್ಲಿ ಪ್ರತಿ ಅಣುವಿನ ಸುತ್ತ, ಚತುರ್ಮುಖಿಯ ನಾಲ್ಕು ಮೂಲೆಗಳಲ್ಲಿ, ನಾಲ್ಕೇ ನೆರೆ ಅಣುಗಳು ಕೂತಿರುತ್ತವೆ. ದೂರ 0.276 ನ್ಯಾನೊಮೀಟರ್. ಐದನೆಯದಕ್ಕೆ ಹತ್ತಿರದಲ್ಲಿ ಜಾಗವಿದೆ, ಆದರೆ ಹಿಡಿದುಕೊಳ್ಳಲು ಕೈ ಖಾಲಿಯಿಲ್ಲ. ಈ ನಾಲ್ವರ ಜೋಡಣೆ ಮುಂದುವರಿದಂತೆ ಆರು ಅಣುಗಳ ಉಂಗುರಗಳಾಗಿ, ಉಂಗುರಗಳ ನಡುವೆ ಖಾಲಿ ಕೊಳವೆಗಳು ಉಳಿಯುತ್ತವೆ.

ಈ ಖಾಲಿ ಜಾಗ ಎಷ್ಟು ಎಂದು ಒಂದು ಕಲ್ಪನೆಯಿಂದ ಅಂದಾಜು ಮಾಡಬಹುದು. ಅದೇ 0.276 ನ್ಯಾನೊಮೀಟರ್ ದೂರವನ್ನು ಇಟ್ಟುಕೊಂಡು, ಅಣುಗಳನ್ನು ಗುಂಡುಗಳೆಂದು ಎಣಿಸಿ, ಒಂದರ ಸುತ್ತ ಹನ್ನೆರಡು ಬರುವಂತೆ ಒತ್ತಾಗಿ ಪೇರಿಸಿದರೆ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 2 ಗ್ರಾಂ ಬರುತ್ತದೆ. ನಿಜವಾದ ಮಂಜುಗಡ್ಡೆ 0.917. ಅರ್ಧಕ್ಕೂ ಕಡಿಮೆ! ಬಂಧಗಳು ಗಿಡ್ಡವೇ, ಗಟ್ಟಿಯೇ. ಜಾಗ ನುಂಗುವುದು ಅವುಗಳ ದಿಕ್ಕು ಮತ್ತು ಸಂಖ್ಯೆ.

ಆದ್ದರಿಂದ “ಹೈಡ್ರೋಜನ್ ಬಂಧ ಇರುವುದರಿಂದ ತೇಲುತ್ತದೆ” ಎಂದು ಉತ್ತರ ಬರೆದು ನಿಲ್ಲಿಸುವುದು ಅರೆಬರೆ. ಅಮೋನಿಯದಲ್ಲೂ ಹೈಡ್ರೋಜನ್ ಬಂಧವಿದೆ. ಆದರೆ ಅದಕ್ಕೆ ಮೂರು ಹೈಡ್ರೋಜನ್, ಒಂದೇ ಒಂಟಿ ಜೋಡಿ. ಕೊಡುವ ಕೈಗೂ ಪಡೆಯುವ ಕೈಗೂ ತಾಳೆಯಾಗದೆ ನಾಲ್ವರ ಜಾಲ ಅಲ್ಲಿ ಕಟ್ಟಿಕೊಳ್ಳುವುದಿಲ್ಲ; ಘನ ಅಮೋನಿಯ ತನ್ನದೇ ದ್ರವದಲ್ಲಿ ಮುಳುಗುತ್ತದೆ. ಇನ್ನೊಂದು ಕಡೆ ಸಿಲಿಕಾನ್. ಅದರಲ್ಲಿ ಹೈಡ್ರೋಜನ್ನೇ ಇಲ್ಲ, ಆದರೆ ಪ್ರತಿ ಪರಮಾಣುವಿಗೂ ಚತುರ್ಮುಖಿಯಾಗಿ ನಾಲ್ಕು ನೆರೆಗಳಿವೆ. ಘನ ಸಿಲಿಕಾನ್ ಕರಗಿದ ಸಿಲಿಕಾನಿನ ಮೇಲೆ ತೇಲುತ್ತದೆ. ಈ ಎರಡನ್ನು ಪಕ್ಕಪಕ್ಕ ಇಟ್ಟರೆ ಯಾವುದು ಕಾರಣ, ಯಾವುದು ಬರೀ ಜೊತೆಗಿರುವುದು ಎಂಬುದು ಸ್ಪಷ್ಟವಾಗುತ್ತದೆ.

ಇನ್ನು “ಕರಗಿದಾಗ ಬಂಧ ಎಲ್ಲ ಮುರಿಯುತ್ತವೆ” ಎಂಬ ಮಾತು. ಇದು ಬಹಳ ಕಡೆ ಕಾಣಸಿಗುವ ತಪ್ಪು, ಇದನ್ನು ಬಿಡದ ಹೊರತು 4 ಡಿಗ್ರಿಯ ವಿಷಯ ಅರ್ಥವಾಗುವುದೇ ಇಲ್ಲ. ಒಂದು ಮೋಲ್ ಮಂಜುಗಡ್ಡೆಯನ್ನು ನೇರವಾಗಿ ಆವಿ ಮಾಡಲು, ಅಂದರೆ ಅಣುಗಳನ್ನು ಪೂರ್ತಿ ಬಿಡಿಸಲು, ಸುಮಾರು 51 ಕಿಲೋಜೂಲ್ ಶಕ್ತಿ ಬೇಕು. ಅದನ್ನು ಕರಗಿಸಲು ಬೇಕಾದದ್ದು 6 ಕಿಲೋಜೂಲ್ ಮಾತ್ರ, ಎಂಟನೇ ಒಂದು ಭಾಗಕ್ಕೂ ಕಡಿಮೆ. ಇಷ್ಟು ಕಡಿಮೆ ಬೆಲೆಗೆ ಎಲ್ಲ ಬಂಧಗಳೂ ಮುರಿಯಲು ಸಾಧ್ಯವಿಲ್ಲ. ಕೆಲವು ಮುರಿಯುತ್ತವೆ, ಉಳಿದ ಬಹುಪಾಲು ಬಾಗುತ್ತವೆ. ಬಾಗಿದಾಗ ಮಂಜುಗಡ್ಡೆಯಲ್ಲಿ 0.45 ನ್ಯಾನೊಮೀಟರ್ ದೂರದಲ್ಲಿದ್ದ ಎರಡನೆಯ ಸುತ್ತಿನ ಅಣುಗಳಲ್ಲಿ ಕೆಲವು ಒಳಗಿನ ಖಾಲಿ ಜಾಗಕ್ಕೆ ಜಾರಿಬರುತ್ತವೆ. ಸೋಜಿಗವೆಂದರೆ ಮೊದಲ ಸುತ್ತಿನ ನೆರೆಗಳ ದೂರ ಆಗ ಕಡಿಮೆಯಾಗುವುದಿಲ್ಲ. ಅದು 0.276ರಿಂದ 0.28 ನ್ಯಾನೊಮೀಟರಿಗೆ ಒಂದಿಷ್ಟು ಹೆಚ್ಚುತ್ತದೆ! ಒಂದೊಂದು ಬಂಧವೂ ಉದ್ದವಾಗಿ, ಆದರೂ ಒಟ್ಟು ಗಾತ್ರ ಕುಗ್ಗುತ್ತದೆ. ಮಂಜುಗಡ್ಡೆ ಏಕೆ ತೇಲುತ್ತದೆ ಎಂಬುದಕ್ಕೆ ಇಲ್ಲಿಗೆ ಉತ್ತರ ಮುಗಿಯಿತು: ಕರಗಿದ ಕ್ಷಣದಲ್ಲಿ ಜಾಲ ಸಡಿಲವಾಗಿ, ಗಾತ್ರ ಒಮ್ಮೆಲೇ ಶೇಕಡ 8.3ರಷ್ಟು ಇಳಿಯುತ್ತದೆ.

ಇದಾದ ಮೇಲೆ ನಿಮ್ಮ ಮಾತುಕತೆಯ ಅತ್ಯುತ್ತಮ ಭಾಗ ಬರುತ್ತದೆ:

“ಕರಗಿ ಆಯ್ತಲ್ಲ. ಮತ್ತೆ ಸೊನ್ನೆಯಿಂದ ನಾಲ್ಕರ ತನಕ ಕುಗ್ಗೋಕೆ ಏನು ಉಳಿದಿರುತ್ತೆ?”

“ಕಣ್ಣಿಗೆ ಕಾಣದ ಮಂಜಿನ ಚೂರು ಉಳಿದಿರ್ತವೆ. ಅವು ನಿಧಾನಕ್ಕೆ ಕರಗಿ, ನಾಲ್ಕು ಡಿಗ್ರಿಗೆ ಪೂರ್ತಿ ಮುಗೀತವೆ.”

“ಹಾಗಿದ್ರೆ ನಾಲ್ಕರಲ್ಲಿ ಗೆರೆ ಎಳೆದ ಹಾಗೆ ಏನಾದ್ರೂ ಆಗ್ಬೇಕಲ್ಲ? ಗ್ರಾಫ್ ನೋಡಿದ್ರೆ ಮೆತ್ತಗೆ ತಿರುಗಿದೆ.”

ಗ್ರಾಫ್ ನೋಡಿ ಹೇಳಿದ ಮಾತೇ ಸರಿ. 4 ಡಿಗ್ರಿಯಲ್ಲಿ ನೀರಿಗೆ ವಿಶೇಷವಾದದ್ದೇನೂ ಆಗುವುದಿಲ್ಲ. ಚೂರುಗಳ ಕಲ್ಪನೆಗೆ ನೇರ ಏಟು ಕೊಡುವುದು ಅತಿತಂಪು ನೀರು. ಶುದ್ಧ ನೀರನ್ನು ಅಲುಗಾಡಿಸದೆ ತಣಿಸಿದರೆ 0ಗಿಂತ ಕೆಳಗೂ ದ್ರವವಾಗಿಯೇ ಇರುತ್ತದೆ. ಅದರೊಳಗೆ ನಿಜವಾದ ಮಂಜಿನ ಒಂದು ಚೂರು ಸಾಕಷ್ಟು ದೊಡ್ಡದಾಗಿದ್ದರೂ ಅದೇ ಬೀಜವಾಗಿ ಇಡೀ ನೀರು ಗಟ್ಟಿಯಾಗಿಬಿಡುತ್ತದೆ. ಆದರೂ ಆ ದ್ರವದ ಸಾಂದ್ರತೆ ಇಳಿಯುತ್ತಲೇ ಹೋಗುತ್ತದೆ: 0 ಡಿಗ್ರಿಯಲ್ಲಿ 0.9998 ಇದ್ದದ್ದು ಮೈನಸ್ 10ರಲ್ಲಿ 0.998, ಮೈನಸ್ 30ರಲ್ಲಿ 0.984. ಹಿಗ್ಗಲು ಮಂಜಿನ ಚೂರು ಬೇಕಿಲ್ಲ, ದ್ರವವೇ ಸಾಕು.

ದ್ರವದೊಳಗೆ ಆಗುತ್ತಿರುವುದು ಇಷ್ಟು. ಬಿಸಿ ಏರಿದಂತೆ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಒಂದು, ಎಲ್ಲ ದ್ರವಗಳಲ್ಲೂ ನಡೆಯುವಂಥದ್ದು: ಅಣುಗಳ ಅಲುಗಾಟ ಹೆಚ್ಚಿ ಅವು ದೂರ ಸರಿದು ಗಾತ್ರ ಹೆಚ್ಚುತ್ತದೆ. ಇನ್ನೊಂದು, ಕರಗಿದಾಗ ಶುರುವಾದ ಕೆಲಸದ ಮುಂದುವರಿಕೆ: ಇನ್ನಷ್ಟು ಬಂಧಗಳು ಬಾಗಿ, ನಾಲ್ವರ ಜೋಡಣೆ ಇನ್ನಷ್ಟು ಕೆಟ್ಟು, ಖಾಲಿ ಜಾಗ ತುಂಬಿ ಗಾತ್ರ ಕಡಿಮೆಯಾಗುತ್ತದೆ. ತಣ್ಣಗಿರುವಾಗ ಎರಡನೆಯದರ ಕೈ ಮೇಲು, ಬಿಸಿಯಾದಂತೆ ಮೊದಲನೆಯದರ ಕೈ ಮೇಲು. ಡಿಗ್ರಿಗೆ ನೀರು ಎಷ್ಟು ಹಿಗ್ಗುತ್ತದೆ ಎಂಬ ಅಂಕಿಯನ್ನು ನೋಡಿ: 0 ಡಿಗ್ರಿಯಲ್ಲಿ ಹತ್ತು ಲಕ್ಷಕ್ಕೆ ಮೈನಸ್ 68 ಪಾಲು, 10 ಡಿಗ್ರಿಯಲ್ಲಿ ಪ್ಲಸ್ 88, 20 ಡಿಗ್ರಿಯಲ್ಲಿ 207. ಈ ಅಂಕಿ ಎಲ್ಲೂ ಜಿಗಿಯದೆ ಏರುತ್ತಾ ಹೋಗುವಾಗ ದಾರಿಯಲ್ಲಿ ಸೊನ್ನೆಯನ್ನು ದಾಟುತ್ತದೆ. ದಾಟುವ ಜಾಗ 3.98 ಡಿಗ್ರಿ. ಎರಡನೆಯ ಕೆಲಸ 4 ಡಿಗ್ರಿಗೆ ನಿಂತುಬಿಡುವುದೂ ಇಲ್ಲ. ಅದು ಮುಂದುವರಿಯುತ್ತಲೇ ಇರುತ್ತದೆ, ಮೊದಲನೆಯದು ಅದನ್ನು ಮೀರಿಸಿರುತ್ತದೆ ಅಷ್ಟೆ. ದ್ರವದಲ್ಲಿ ಒತ್ತಾದ ಮತ್ತು ಸಡಿಲವಾದ ಎರಡು ಬೇರೆ ಬೇರೆ ಬಗೆಯ ಜೋಡಣೆಗಳಿವೆಯೇ ಅಥವಾ ಇದು ಒಂದೇ ಜೋಡಣೆಯ ಹೆಚ್ಚುಕಡಿಮೆಯೇ ಎಂಬ ಬಗ್ಗೆ ಸಂಶೋಧಕರಲ್ಲಿ ಹಳೆಯ ಜಗಳವಿದೆ. ಮೇಲಿನ ಲೆಕ್ಕಕ್ಕೆ ಆ ಜಗಳ ತೀರಬೇಕಾಗಿಲ್ಲ.

3.98 ಎಂಬ ಅಂಕಿಯಲ್ಲಿ ಪವಿತ್ರವಾದದ್ದೇನೂ ಇಲ್ಲ ಎನ್ನುವುದಕ್ಕೆ ಭಾರಜಲ ಸಾಕ್ಷಿ. ಹೈಡ್ರೋಜನ್ ಬದಲು ಡ್ಯುಟೀರಿಯಮ್ ಇರುವ ಆ ನೀರಿನ ಜಾಲ ಇನ್ನೂ ಅಚ್ಚುಕಟ್ಟು. ಅದನ್ನು ಕೆಡಿಸಲು ಹೆಚ್ಚು ಬಿಸಿ ಬೇಕು. ಅದು 3.8 ಡಿಗ್ರಿಯಲ್ಲೇ ಹೆಪ್ಪುಗಟ್ಟುತ್ತದೆ, ಗರಿಷ್ಠ ಸಾಂದ್ರತೆ 11.2 ಡಿಗ್ರಿಯಲ್ಲಿ. ಉಪ್ಪು ಬೆರೆಸಿದರೆ ಉಲ್ಟಾ: ಗರಿಷ್ಠದ ಉಷ್ಣತೆ ಕೆಳಗಿಳಿಯುತ್ತಾ ಹೋಗಿ, ಕಿಲೋಗ್ರಾಮಿಗೆ ಸುಮಾರು 25 ಗ್ರಾಂ ಉಪ್ಪಾದಾಗ ಹೆಪ್ಪುಗಟ್ಟುವ ಉಷ್ಣತೆಯನ್ನೇ ಮುಟ್ಟುತ್ತದೆ. ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಇರುವುದರಿಂದ ಅದು ಹೆಪ್ಪುಗಟ್ಟುವ ತನಕ ಭಾರವಾಗುತ್ತಲೇ ಇರುತ್ತದೆ. ಆದರೂ ಸಮುದ್ರದ ಮಂಜು ತೇಲುತ್ತದೆ! ತೇಲುವುದಕ್ಕೆ 4 ಡಿಗ್ರಿಯ ಹಂಗಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಡ.

ಈಗ ಎರಡರ ಅಳತೆಯನ್ನು ಹೋಲಿಸಿ. ಹೆಪ್ಪುಗಟ್ಟುವಾಗ ಸಾಂದ್ರತೆ ಶೇಕಡ 8.3 ಇಳಿಯುತ್ತದೆ. 4ರಿಂದ 0 ಡಿಗ್ರಿಗೆ ತಣಿಯುವಾಗ ಇಳಿಯುವುದು ಶೇಕಡ 0.013. ಒಂದು ಇನ್ನೊಂದರ ಆರುನೂರು ಪಟ್ಟಿಗೂ ಹೆಚ್ಚು. ಮೂಲ ಒಂದೇ ಜಾಲವಾದರೂ, ಮೊದಲನೆಯದು ಬರಿಗಣ್ಣಿಗೆ ಕಾಣುವ, ಬಾಟಲಿ ಒಡೆಯುವ ಬದಲಾವಣೆ. ಎರಡನೆಯದು ಎರಡು ಎದುರಾಳಿಗಳು ಹೆಚ್ಚುಕಡಿಮೆ ಸಮವಾಗಿ ನಿಂತಾಗ ಉಳಿಯುವ ಚೂರುಪಾರು ಶೇಷ. ಇಷ್ಟು ಸಣ್ಣದನ್ನು ಅಳೆಯಲು ಹೊರಟಾಗ ಪಾತ್ರೆಯೂ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಫ್ಲಾಸ್ಕಿನಲ್ಲಿ ಆದದ್ದು ಅದೇ.

ಲೆಕ್ಕ ಹೀಗೆ. ಸಾಮಾನ್ಯ ಸೋಡಾ ಗಾಜು ಡಿಗ್ರಿಗೆ ಹತ್ತು ಲಕ್ಷಕ್ಕೆ ಸುಮಾರು 27 ಪಾಲು ಗಾತ್ರದಲ್ಲಿ ಹಿಗ್ಗುತ್ತದೆ, ಮತ್ತು ಗಾಜಿನ ಪಾತ್ರೆಯ ಒಳಜಾಗವೂ ಅಷ್ಟೇ ಹಿಗ್ಗುತ್ತದೆ. ನಿಮ್ಮ 250 ಮಿಲಿಲೀಟರ್, ಅಂದರೆ 2,50,000 ಘನ ಮಿಲಿಮೀಟರ್ ಫ್ಲಾಸ್ಕಿಗೆ ಇದು ಡಿಗ್ರಿಗೆ ಸುಮಾರು 6.8 ಘನ ಮಿಲಿಮೀಟರ್. ಈಗ 5 ಡಿಗ್ರಿಯಲ್ಲಿ ನಿಂತು ನೋಡಿ. ಅಲ್ಲಿ ನೀರು ಹತ್ತು ಲಕ್ಷಕ್ಕೆ 16 ಪಾಲಿನಂತೆ ಡಿಗ್ರಿಗೆ 4 ಘನ ಮಿಲಿಮೀಟರ್ ಹಿಗ್ಗುತ್ತಿದೆ. ಫ್ಲಾಸ್ಕ್ ಅದಕ್ಕಿಂತ ಜಾಸ್ತಿ ಹಿಗ್ಗುತ್ತಿದೆ. ಹಾಗಾಗಿ ನೀರು ನಿಜವಾಗಿ ಹಿಗ್ಗುತ್ತಿದ್ದರೂ ನಳಿಕೆಯಲ್ಲಿ ಮಟ್ಟ ಇಳಿಯುತ್ತದೆ! ಮಟ್ಟ ತಿರುಗುವುದು ನೀರಿನ ಹಿಗ್ಗುವಿಕೆ ಗಾಜಿನದಕ್ಕೆ ಸಮವಾದಾಗ. 4 ಡಿಗ್ರಿಯ ಹತ್ತಿರ ನೀರಿನ ಹಿಗ್ಗುವಿಕೆಗೆ ಒಂದು ಸುಲಭ ಅಂದಾಜು ಇದೆ:

α ≈ 16 × 10⁻⁶ × (t − 4)

ಇದನ್ನು 27 × 10⁻⁶ ಕ್ಕೆ ಸಮ ಮಾಡಿದರೆ t − 4 = 1.7, ಅಂದರೆ t = 5.7 ಡಿಗ್ರಿ. ನಿಮ್ಮ 5.5–6 ಅಲ್ಲೇ ಬಂತು.

8 ಸೆಂ.ಮೀ. ಕೂಡ ಹೀಗೇ ಬರುತ್ತದೆ. 5.7ರಿಂದ 0ಗೆ ಬರುವಾಗ ನೀರಿನ ಗಾತ್ರ ಒಟ್ಟಾರೆ ಹತ್ತು ಲಕ್ಷಕ್ಕೆ ಸುಮಾರು 108 ಪಾಲು ಹೆಚ್ಚುತ್ತದೆ (ಮೊದಲು 24 ಇಳಿದು, ಆಮೇಲೆ 132 ಏರಿ). ಫ್ಲಾಸ್ಕ್ 27 × 5.7, ಸುಮಾರು 154 ಪಾಲು ಕುಗ್ಗುತ್ತದೆ. ಒಳಗಿನದು ಹಿಗ್ಗಿ ಹೊರಗಿನದು ಕುಗ್ಗಿದರೆ ಎರಡೂ ಸೇರಿ ನೀರನ್ನು ಮೇಲಕ್ಕೆ ತಳ್ಳುತ್ತವೆ: ಒಟ್ಟು 262 ಪಾಲು, ನಿಮ್ಮ ಫ್ಲಾಸ್ಕಿಗೆ 65 ಘನ ಮಿಲಿಮೀಟರ್. 1 ಮಿಲಿಮೀಟರ್ ಒಳವ್ಯಾಸದ ನಳಿಕೆಯ ಅಡ್ಡಕೊಯ್ತ 0.785 ಚದರ ಮಿಲಿಮೀಟರ್. ಭಾಗಿಸಿದರೆ 83 ಮಿಲಿಮೀಟರ್. ನೀವು ನೋಡಿದ ಏರಿಕೆಯಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಗಾಜಿನದು.

ಸರಿಪಡಿಸಲು ಕೆಲವು ದಾರಿಗಳಿವೆ, ಒಂದೊಂದಕ್ಕೂ ಅದರದೇ ತೊಡಕಿದೆ.

ಎಲ್ಲಕ್ಕಿಂತ ಸುಲಭವಾದದ್ದು ಇದೇ ಉಪಕರಣ ಇಟ್ಟುಕೊಂಡು ಗಾಜಿನ ಪಾಲನ್ನು ಲೆಕ್ಕದಲ್ಲಿ ಕಳೆಯುವುದು. ಪ್ರತಿ ಉಷ್ಣತೆಯಲ್ಲಿ ಓದಿದ ಮಟ್ಟವನ್ನು ಘನ ಮಿಲಿಮೀಟರಿಗೆ ತಿರುಗಿಸಿ, ಅದಕ್ಕೆ ಡಿಗ್ರಿಗೆ 6.8ರಂತೆ ಫ್ಲಾಸ್ಕಿನ ಹಿಗ್ಗುವಿಕೆಯನ್ನು ಕೂಡಿಸಿ ಹೊಸ ಗ್ರಾಫ್ ಎಳೆಯಿರಿ. ಅದರ ತಳ 4ಕ್ಕೆ ಸರಿಯುತ್ತದೆ. ಕೂಡಿಸುವ ಬದಲು ಕಳೆದುಬಿಡುವುದು ಸಾಮಾನ್ಯ ತಪ್ಪು. ಹಾಗೆ ಮಾಡಿದರೆ ತಳ 4ರ ಬದಲು 7ರ ಮೇಲೆ ಹೋಗುತ್ತದೆ, ಅದರಿಂದಲೇ ತಪ್ಪು ಗೊತ್ತಾಗುತ್ತದೆ. ಇಲ್ಲಿರುವ ನಿಜವಾದ ಅಪಾಯ 27 ಎಂಬ ಅಂಕಿ: ಗಾಜಿನ ಬಗೆ ಗೊತ್ತಿಲ್ಲದೆ ಅದನ್ನು ಬಳಸಿದರೆ ಬೇಕಾದ ಉತ್ತರ ಬರುವಂತೆ ಅಂಕಿ ಹೊಂದಿಸಿಕೊಂಡ ಹಾಗಾಗುತ್ತದೆ. ಫ್ಲಾಸ್ಕಿನ ಮೇಲೆ ಬೊರೊಸಿಲಿಕೇಟ್ ಎಂಬ ಗುರುತಿದ್ದರೆ ಅಂಕಿ 10 ಮಾತ್ರ.

ಅಂಥ ಬೊರೊಸಿಲಿಕೇಟ್ ಫ್ಲಾಸ್ಕನ್ನೇ ಬಳಸುವುದು ಎರಡನೆಯ ದಾರಿ. ಮೇಲಿನ ಸಮೀಕರಣದಲ್ಲಿ 27ರ ಬದಲು 10 ಹಾಕಿದರೆ ಮಟ್ಟ ತಿರುಗುವುದು 4.6 ಡಿಗ್ರಿಯಲ್ಲಿ. ಎರಡೂ ಬಗೆಯ ಫ್ಲಾಸ್ಕ್ ಸಿಕ್ಕಿದರೆ ಎರಡರಲ್ಲೂ ಮಾಡಿ. ಒಂದೇ ನೀರು 5.7ರಲ್ಲಿ ಒಮ್ಮೆ, 4.6ರಲ್ಲಿ ಒಮ್ಮೆ ತಿರುಗಿದರೆ ಕಾರಣ ಪಾತ್ರೆ ಎಂಬುದಕ್ಕೆ ಬೇರೆ ವಾದ ಬೇಕಿಲ್ಲ.

ಹಳೆಯ ಪುಸ್ತಕಗಳಲ್ಲಿ ಇನ್ನೊಂದು ಜಾಣತನ ಸಿಗುತ್ತದೆ: ಫ್ಲಾಸ್ಕಿನ ಏಳನೇ ಒಂದು ಭಾಗದಷ್ಟು ಪಾದರಸ ತುಂಬುವುದು. ಪಾದರಸ ಗಾಜಿಗಿಂತ ಸುಮಾರು ಏಳು ಪಟ್ಟು ಹೆಚ್ಚು ಹಿಗ್ಗುವುದರಿಂದ, ಫ್ಲಾಸ್ಕ್ ಹಿಗ್ಗಿದಷ್ಟನ್ನೂ ಅದೇ ತುಂಬಿಬಿಡುತ್ತದೆ. ನೀರಿಗೆ ಉಳಿಯುವ ಜಾಗ ಬದಲಾಗುವುದಿಲ್ಲ. ಲೆಕ್ಕ ಸೊಗಸಾಗಿದೆ, ಆದರೆ ಮಾಡಬೇಡಿ. 250 ಮಿಲಿಲೀಟರ್ ಫ್ಲಾಸ್ಕಿಗೆ ಬೇಕಾಗುವ ಪಾದರಸ ಅರ್ಧ ಕಿಲೋಗೆ ಸ್ವಲ್ಪ ಕಡಿಮೆ. ತೆಳು ಗಾಜು ಒಡೆದರೆ ಅದರ ವಿಷದ ಆವಿಯನ್ನು ಕೋಣೆಯಿಂದ ಹೊರಹಾಕುವುದು ದೊಡ್ಡ ಕೆಲಸ.

ಯಾವ ದಾರಿ ಹಿಡಿದರೂ ಅಳತೆ ಕೆಡುವ ಕೆಲವು ಜಾಗಗಳಿವೆ. ತಳವನ್ನು ನೇರವಾಗಿ ಕಣ್ಣಿನಿಂದ ಗುರುತಿಸಲು ಹೋಗಬೇಡಿ. ಅಲ್ಲಿ ರೇಖೆ ಎಷ್ಟು ಚಪ್ಪಟೆ ಎಂದರೆ ಅರ್ಧ ಡಿಗ್ರಿ ಆಚೀಚೆ ಆದರೂ ಮಟ್ಟ ಒಂದು ಮಿಲಿಮೀಟರ್ ಕೂಡ ಕದಲುವುದಿಲ್ಲ, ನೀವೂ 5.5ರಿಂದ 6 ಎಂದು ಬರೆಯಬೇಕಾಗಿ ಬಂದದ್ದು ಅದಕ್ಕೇ. ಅದರ ಬದಲು ಒಂದೇ ಮಟ್ಟ ಬರುವ ಎರಡು ಉಷ್ಣತೆಗಳನ್ನು ಹುಡುಕಿ. 3 ಡಿಗ್ರಿಯಲ್ಲಿದ್ದ ಮಟ್ಟ ಮತ್ತೆ 8.4ರಲ್ಲಿ ಬಂದರೆ ತಳ ಅವುಗಳ ನಡುವೆ, 5.7ರಲ್ಲಿ. ಇಂಥ ಮೂರು ನಾಲ್ಕು ಜೋಡಿ ತೆಗೆದು ಸರಾಸರಿ ಮಾಡಿ. ಜೋಡಿಗಳು 3 ಮತ್ತು 9ರ ಒಳಗೇ ಇರಲಿ. ಇನ್ನೂ ದೂರ ಹೋದರೆ ರೇಖೆಯ ಎರಡು ಮಗ್ಗುಲು ಸಮವಾಗಿರುವುದಿಲ್ಲ, ಸರಾಸರಿ ಮೇಲಕ್ಕೆ ಜಾರುತ್ತದೆ.

ಥರ್ಮಾಮೀಟರ್ ಫ್ಲಾಸ್ಕಿನ ಒಳಗಿರಬೇಕು, ಹೊರಗಿನ ಮಂಜಿನ ನೀರಿನಲ್ಲಲ್ಲ. ಒಳಗಿದ್ದರೂ ಒಂದು ಮೋಸವಿದೆ, ಅದೂ ಈ ವಿಷಯದ್ದೇ: 4 ಡಿಗ್ರಿಯ ಸುತ್ತಮುತ್ತ ಬಿಸಿ ನೀರಿಗೂ ತಣ್ಣೀರಿಗೂ ತೂಕದ ವ್ಯತ್ಯಾಸ ಇಲ್ಲವೆಂಬಷ್ಟು ಕಡಿಮೆ, ಹಾಗಾಗಿ ಮೇಲೆ ಕೆಳಗೆ ಹರಿದಾಟ ನಿಂತು ಶಾಖ ಬಹಳ ನಿಧಾನವಾಗಿ ಹೊರಗೆ ಹೋಗುತ್ತದೆ. ಗೋಡೆಯ ಹತ್ತಿರ 2 ಡಿಗ್ರಿ, ನಡುವೆ 5 ಡಿಗ್ರಿ ಇರಬಹುದು. ಫ್ಲಾಸ್ಕನ್ನು ಆಗಾಗ ಮೆಲ್ಲಗೆ ಸುತ್ತಿಸಿ, ಒಂದು ಡಿಗ್ರಿಗೆ ಐದು ನಿಮಿಷವಾದರೂ ಕೊಡಿ. ತಣಿಸುವಾಗ ಒಮ್ಮೆ, ಬಿಸಿಯಾಗಲು ಬಿಟ್ಟು ಇನ್ನೊಮ್ಮೆ ಓದಿ. ಎರಡು ಸಲದ ತಳ ಒಂದು ಡಿಗ್ರಿಯಷ್ಟು ಬೇರೆಯಾದರೆ ನೀವು ಅವಸರ ಮಾಡಿದ್ದೀರಿ ಎಂದರ್ಥ.

ನೀರನ್ನು ಕುದಿಸಿ, ಮುಚ್ಚಿ, ಸುಮಾರು 12 ಡಿಗ್ರಿಗೆ ತಣಿಸಿ ಆಮೇಲೆ ತುಂಬಿ. ಕುದಿಸದಿದ್ದರೆ ಗಾಳಿ ಹೊರಬಂದು ಗೋಡೆಗೆ ಗುಳ್ಳೆಯಾಗಿ ಅಂಟುತ್ತದೆ. ಮೂರು ಮಿಲಿಮೀಟರ್ ಅಗಲದ ಒಂದೇ ಗುಳ್ಳೆ ಮಟ್ಟವನ್ನು 18 ಮಿಲಿಮೀಟರ್ ಎತ್ತಿಬಿಡುತ್ತದೆ. 20 ಡಿಗ್ರಿಯ ನೀರು ತುಂಬಿದರೆ ತಳ ಮುಟ್ಟುವಷ್ಟರಲ್ಲಿ ಮಟ್ಟ 40 ಸೆಂ.ಮೀ.ಗೂ ಹೆಚ್ಚು ಇಳಿಯುತ್ತದೆ, ಅಷ್ಟು ಉದ್ದದ ನಳಿಕೆ ಇಲ್ಲದಿದ್ದರೆ ನೀರು ಬಿರಡೆಯ ಕೆಳಗೆ ಹೋಗಿ ಗಾಳಿ ಒಳಸೇರುತ್ತದೆ. ಪ್ರಯೋಗದ ನಡುವೆ ಬಿರಡೆಯನ್ನು ಮುಟ್ಟಬೇಡಿ. ಹೊರಗಿನ ಮಂಜಿನ ನೀರಿಗೆ ಬೇಗ ತಣಿಯಲಿ ಎಂದು ಉಪ್ಪು ಹಾಕಬೇಡಿ. ಫ್ಲಾಸ್ಕಿನ ಕತ್ತು ಮೊದಲು ಹೆಪ್ಪುಗಟ್ಟಿದರೆ ಒಳಗಿನ ನೀರಿಗೆ ಹೋಗಲು ದಾರಿಯಿರುವುದಿಲ್ಲ, ಶೇಕಡ 9ರ ಹಿಗ್ಗುವಿಕೆಗೆ ಗಾಜು ಒಡೆಯುತ್ತದೆ.

ಗಾಜಿನ ತಿದ್ದುಪಡಿಯೇ ಬೇಡ ಎನ್ನುವುದಾದರೆ ಥಾಮಸ್ ಚಾರ್ಲ್ಸ್ ಹೋಪ್ 1805ರಲ್ಲಿ ಪ್ರಕಟಿಸಿದ ಪ್ರಯೋಗ ಮಾಡಿ. ಸುಮಾರು 30 ಸೆಂ.ಮೀ. ಎತ್ತರದ ಕೊಳವೆಯಾಕಾರದ ಪಾತ್ರೆ, ಮೇಲೊಂದು ಕೆಳಗೊಂದು ಥರ್ಮಾಮೀಟರ್, ನಡುವಿಗೆ ಸುತ್ತ ಒಂದು ತೊಟ್ಟಿ. ಪಾತ್ರೆಗೆ 10–12 ಡಿಗ್ರಿಯ ನೀರು, ತೊಟ್ಟಿಗೆ ಮೂರು ಪಾಲು ಪುಡಿ ಮಂಜುಗಡ್ಡೆ, ಒಂದು ಪಾಲು ಉಪ್ಪು. ನಡುವೆ ತಣಿದ ನೀರು ಭಾರವಾಗಿ ಕೆಳಗಿಳಿಯುವುದರಿಂದ ಮೊದಲು ಕೆಳಗಿನ ಥರ್ಮಾಮೀಟರ್ ಇಳಿದು 4ಕ್ಕೆ ಬಂದು ನಿಲ್ಲುತ್ತದೆ, ಮೇಲಿನದು ಅಲ್ಲಿಯ ತನಕ ಹೆಚ್ಚು ಕದಲುವುದಿಲ್ಲ. ಆಮೇಲೆ ನಡುವಿನ ನೀರು 4ಕ್ಕಿಂತ ತಣ್ಣಗಾಗಿ ಹಗುರವಾದಾಗ ಅದು ಮೇಲೇರುತ್ತದೆ; ಮೇಲಿನ ಥರ್ಮಾಮೀಟರ್ ಸರಸರನೆ ಇಳಿದು 4ನ್ನು ದಾಟಿ 0ಯ ಕಡೆ ಹೋಗುತ್ತದೆ. ಇಲ್ಲಿ ನೀರನ್ನು ಅದೇ ನೀರಿನ ಜೊತೆ ಹೋಲಿಸುವುದರಿಂದ ಪಾತ್ರೆ ಎಷ್ಟು ಹಿಗ್ಗಿದರೂ ಚಿಂತೆಯಿಲ್ಲ. ನಿಖರತೆ ಮಾತ್ರ ಅರ್ಧ ಡಿಗ್ರಿಯ ಮಟ್ಟದ್ದು. ಅದೂ ಎರಡು ಥರ್ಮಾಮೀಟರುಗಳನ್ನು ಒಂದೇ ಕರಗುವ ಮಂಜಿನಲ್ಲಿಟ್ಟು ಹೋಲಿಸಿಕೊಂಡಿದ್ದರೆ. ತೊಟ್ಟಿಯ ಉಪ್ಪುನೀರು ಪಾತ್ರೆಗೆ ಸೋರಿದರೆ ಪ್ರಯೋಗ ಕೆಟ್ಟಂತೆ: ಉಪ್ಪುನೀರು ಭಾರವಾಗಿ ತಳ ಸೇರುತ್ತದೆ, ಕೆಳಗಿನ ಥರ್ಮಾಮೀಟರ್ 4ರಲ್ಲಿ ನಿಲ್ಲದೆ ಇಳಿಯುತ್ತಲೇ ಹೋಗುತ್ತದೆ. ಲೋಹದ ಪಾತ್ರೆಯನ್ನು ಬಹಳ ಹೊತ್ತು ಬಿಟ್ಟರೂ ಗೋಡೆಯ ಮೂಲಕ ಶಾಖ ಹರಿದು ಹೀಗೇ ಆಗಬಹುದು. ಆದ್ದರಿಂದ ಎರಡೂ ಥರ್ಮಾಮೀಟರನ್ನು ನಿಮಿಷಕ್ಕೊಮ್ಮೆ ಓದಿ ಬರೆದಿಡಿ. ಕೆಳಗಿನದು ನಿಂತ ಹೊತ್ತಿಗೇ ಮೇಲಿನದು ಇಳಿಯಲು ಶುರುವಾಗಿದ್ದರೆ ಆ ನಿಂತ ಅಂಕಿಯನ್ನು ನಂಬಬಹುದು.